ಹಾಡಿನ ಅರ್ಥ ಕೇಳಿದವರಿಗೆ ಏನು ಕಳಿಸಬೇಕು?

ಶಿಶುನಾಳ ಶರೀಫರ ಹಾಡಿನ ತುಣುಕೊಂದು ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬೀಳುವುದು ಶಿಗ್ಗಾಂವ, ಸವಣೂರ, ಹಾನಗಲ್ಲ ಕಡೆಯವರಿಗೆ ಹೊಸದಲ್ಲ. ಊರಲ್ಲಿದ್ದವರು ಕೇಳಿ ಖುಷಿಪಡುತ್ತಾರೆ. ಆದರೆ ಅದೇ ಗುಂಪಿನಲ್ಲಿ ಪುಣೆಯಲ್ಲಿ ಬೆಳೆದ ಸೊಸೆ ಇರುತ್ತಾಳೆ, ಕನ್ನಡ ಅರ್ಧಂಬರ್ಧ ಬರುವ ಮೊಮ್ಮಗ ಇರುತ್ತಾನೆ. ಅವರಲ್ಲಿ ಯಾರಾದರೊಬ್ಬರು ಕೇಳುತ್ತಾರೆ: "ಅತ್ತಿ, ಇದರ ಅರ್ಥ ಏನ್ರಿ?"

ಆಗ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಹೋಗುತ್ತದೆ. ಒಬ್ಬರು "ದೇಹ ಶಾಶ್ವತ ಅಲ್ಲ ಅಂತ ಹೇಳ್ಯಾರವ್ವಾ" ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಇನ್ನೊಬ್ಬರು ನಿಘಂಟು ಹಿಡಿದವರಂತೆ ಪದಕ್ಕೆ ಪದ ಜೋಡಿಸಿ ಕಳಿಸುತ್ತಾರೆ. ಮೊದಲನೆಯದರಲ್ಲಿ ಉಪದೇಶ ತಲುಪುತ್ತದೆ, ಹಾಡು ತಲುಪುವುದಿಲ್ಲ. ಎರಡನೆಯದರಲ್ಲಿ ಪದಗಳೆಲ್ಲ ತಲುಪುತ್ತವೆ, ಆದರೆ ಇದನ್ನು ಜನ ಯಾಕೆ ಹಾಡುತ್ತಾರೆ ಎಂಬುದು ಓದಿದವರಿಗೆ ತಿಳಿಯುವುದಿಲ್ಲ. ಅರ್ಥಕ್ಕೆ ನಿಷ್ಠರಾಗಿರಬೇಕೋ, ಭಾವ ಉಳಿಸಬೇಕೋ ಎಂಬ ಪ್ರಶ್ನೆ ದೊಡ್ಡ ಅನುವಾದಕರಿಗೆ ಮಾತ್ರ ಬರುವುದಲ್ಲ. ಅದು ಮೊಬೈಲ್ ಹಿಡಿದು ಕೂತ ಅತ್ತೆಗೂ ಬರುತ್ತದೆ. ಈ ಸೀಮೆಯ ಹಾಡುಗಳ ವಿಷಯದಲ್ಲಂತೂ ಅದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ತೀರ್ಮಾನವಾಗಬೇಕು: ನಿಷ್ಠೆ ಯಾವ ಅರ್ಥಕ್ಕೆ?

ಹೊರಗಿನ ಅರ್ಥ, ಒಳಗಿನ ಅರ್ಥ

ಶರೀಫರು (1819–1889) ಶಿಗ್ಗಾಂವ ತಾಲ್ಲೂಕಿನ ಶಿಶುನಾಳದವರು. ಕನಕದಾಸರು ಹುಟ್ಟಿದ ಬಾಡ ಕೂಡ ಇದೇ ತಾಲ್ಲೂಕಿನಲ್ಲಿದೆ. ಒಬ್ಬರು ತತ್ವಪದ ಹಾಡಿದರು, ಇನ್ನೊಬ್ಬರು ಕೀರ್ತನೆಗಳ ಜೊತೆಗೆ ಮುಂಡಿಗೆಗಳನ್ನೂ ಕಟ್ಟಿದರು. ಎರಡರಲ್ಲೂ ಹೊರಗೆ ಒಂದು ಮಾತಿರುತ್ತದೆ, ಒಳಗೆ ಇನ್ನೊಂದು. ಹೊರಗಿನ ಮಾತು ಮನೆ, ಹೊಲ, ಕೋಳಿ, ಒನಕೆ, ಬೀಸುವ ಕಲ್ಲು ಹೀಗೆ ಕಣ್ಣಿಗೆ ಕಾಣುವ ವಸ್ತು. ಒಳಗಿನದು ದೇಹ, ಮನಸ್ಸು, ಗುರು, ಸಾವು.

ಅರ್ಥ ಹೇಳಲು ಹೊರಟವರು ನೇರ ಒಳಗಿನದಕ್ಕೇ ಕೈ ಹಾಕುತ್ತಾರೆ. ಬಲ್ಲವರೆಂದು ತೋರಿಸುವ ಆಸೆಯೂ ಅದರಲ್ಲಿ ಸ್ವಲ್ಪ ಇರುತ್ತದೆ. ಆದರೆ ಒಗಟನ್ನು ಬಿಡಿಸಿಯೇ ಕೊಟ್ಟರೆ ಅದು ಒಗಟಾಗಿ ಉಳಿಯುವುದಿಲ್ಲ. ಕೋಳಿಯೊಂದು ಕೋತಿಯನ್ನು ನುಂಗಿತೆಂದು ಶುರುವಾಗುವ ಶರೀಫರ ಪ್ರಸಿದ್ಧ ಹಾಡನ್ನೇ ನೋಡಿ. ಅಲ್ಲಿ ಒಂದಾದ ಮೇಲೊಂದು ಅಸಂಭವ ನುಂಗುವಿಕೆ ಬರುತ್ತ ಹೋಗುತ್ತದೆ. ಕೇಳುವವರು ನಗುತ್ತಾರೆ, ತಬ್ಬಿಬ್ಬಾಗುತ್ತಾರೆ. ಕೊನೆಯ ನುಡಿಯಲ್ಲಿ ಗುರು ಗೋವಿಂದ ಭಟ್ಟರ ಪಾದ ಹಾಡುವವನನ್ನೇ ನುಂಗಿದ ಮಾತು ಬಂದಾಗ ಹಿಂದಿನದೆಲ್ಲ ಥಟ್ಟನೆ ಬೇರೆ ಬೆಳಕಿನಲ್ಲಿ ಕಾಣುತ್ತದೆ. ಅನುವಾದ ಮಾಡುವವರು ಮೊದಲ ಸಾಲಿನಲ್ಲೇ "ಜ್ಞಾನವು ಚಂಚಲ ಮನಸ್ಸನ್ನು ನುಂಗಿತು" ಎಂದು ಬರೆದರೆ ಆ ತಿರುವಿಗೆ ಜಾಗವೇ ಇರುವುದಿಲ್ಲ. ಮೂಲದಲ್ಲಿ ಕೋಳಿ ಇದ್ದರೆ ಅನುವಾದದಲ್ಲೂ ಕೋಳಿಯೇ ಇರಬೇಕು.

ಹಾಗಾದರೆ ಒಳಾರ್ಥವನ್ನು ಎಲ್ಲೂ ಹೇಳಬಾರದೆ? ಕವಿ ಎಲ್ಲಿ ಬಾಯಿಬಿಟ್ಟು ಹೇಳಿದ್ದಾನೋ ಅಲ್ಲಿ ನೀವೂ ಹೇಳಿ. ಮನೆಯ ಮಾಳಿಗೆ ಸೋರುವ ಹಾಡಿನಲ್ಲಿ ಆ ಸೋರಿಕೆಗೆ ಅಜ್ಞಾನವೇ ಕಾರಣವೆಂದು ಶರೀಫರು ಆರಂಭದಲ್ಲೇ ಹೇಳಿಬಿಡುತ್ತಾರೆ. ಅಲ್ಲಿ ಅದನ್ನು ಮುಚ್ಚಿಟ್ಟರೆ ನಿಷ್ಠೆ ತಪ್ಪಿದಂತೆ. ಕೋಳಿಯ ಹಾಡಿನಲ್ಲಿ ಕೀಲಿ ಕೊನೆಯಲ್ಲಿದೆ, ಹಾಗಾಗಿ ಅನುವಾದದಲ್ಲೂ ಕೊನೆಗೇ ಬರಬೇಕು. ಉಳಿದ ವಿವರಣೆಯನ್ನು ಹಾಡಿನ ಕೆಳಗೆ ಬೇರೆ ಸಾಲಾಗಿ ಕೊಡಬಹುದು. ಹಾಡಿನೊಳಗೆ ಮಾತ್ರ ತುರುಕಬೇಡಿ.

ಪರಿಚಿತ ಪದವೇ ಎಡವಿಸುತ್ತದೆ

ಸೋರುವ ಮನೆಯ ಹಾಡಿನಲ್ಲಿ ಮಾಳಿಗೆಯ ಮಾತು ಇನ್ನೊಂದು ಕಾರಣಕ್ಕೂ ಮುಖ್ಯ. ಬೆಂಗಳೂರಿನ ಕಡೆಯವರಿಗೆ ಮಾಳಿಗೆ ಅಂದರೆ ಮಹಡಿ. ಅವರು ಇದನ್ನು ಹಿಂದಿಗೋ ಇಂಗ್ಲಿಷಿಗೋ ಹಾಕುವಾಗ "ಮೇಲಂತಸ್ತು ಸೋರುತ್ತಿದೆ" ಎಂದು ಬರೆಯುತ್ತಾರೆ. ಧಾರವಾಡ, ಹಾವೇರಿ ಸೀಮೆಯಲ್ಲಿ ಮಾಳಿಗೆ ಎಂದರೆ ತೊಲೆ, ಜಂತಿ ಹಾಕಿ ಮೇಲೆ ಮಣ್ಣು ಬಡಿದು ಮಾಡಿದ ಸಮತಟ್ಟಾದ ಚಾವಣಿ. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ, ಹೊಸ ಮಣ್ಣು ಹಾಕಿ ಬಿರುಕು ಮುಚ್ಚಬೇಕು. ಮುಚ್ಚದಿದ್ದರೆ ಮೊದಲ ಜೋರು ಮಳೆಗೇ ಸೋರುತ್ತದೆ. ಅಂದರೆ ಈ ಸೋರಿಕೆಯಲ್ಲಿ ಮಳೆಯದೊಂದೇ ತಪ್ಪಲ್ಲ, ಮನೆಯವನು ಮೈಮರೆತದ್ದೂ ಸೇರಿದೆ. ಹಾಡಿನ ಒಳಾರ್ಥ ಈ ಮೈಮರೆವಿನ ಮೇಲೆಯೇ ನಿಂತಿದೆ. ಮಹಡಿ ಎಂದು ಬರೆದರೆ ಚಿತ್ರವೂ ಹೋಯಿತು, ಅದರ ಮೇಲೆ ನಿಂತ ತತ್ವವೂ ಹೋಯಿತು.

ಹೀಗೆ ಎಡವುವುದು ಕಷ್ಟದ ಪದಗಳಲ್ಲಿ ಕಡಿಮೆ. ಗೊತ್ತಿಲ್ಲದ ಪದ ಬಂದರೆ ಯಾರನ್ನಾದರೂ ಕೇಳುತ್ತೇವೆ. ಗೊತ್ತಿದೆ ಅಂದುಕೊಂಡ ಪದವನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ಹಾಡಿನಲ್ಲಿ ಬರುವ ಮನೆ, ಹೊಲ, ಅಡುಗೆಯ ವಸ್ತುಗಳ ಹೆಸರುಗಳನ್ನು ಒಂದು ಕಡೆ ಬರೆದುಕೊಂಡು, ಊರಿನ ಹಿರಿಯರೊಬ್ಬರಿಗೆ ಫೋನ್ ಮಾಡಿ "ಇದು ನೋಡಾಕ ಹೆಂಗಿರ್ತದ?" ಎಂದು ಕೇಳಿ. "ಅರ್ಥ ಏನು?" ಎಂದು ಕೇಳಿದರೆ ಅವರು ಸಮಾನಾರ್ಥಕ ಪದ ಹೇಳುತ್ತಾರೆ. ನೋಡಲು ಹೇಗಿರುತ್ತದೆ ಎಂದು ಕೇಳಿದರೆ ವಸ್ತುವನ್ನೇ ಬಣ್ಣಿಸುತ್ತಾರೆ. ಅನುವಾದಕ್ಕೆ ಬೇಕಾದದ್ದು ಆ ಬಣ್ಣನೆ.

ಕೈ ಹಾಕುವ ಮುಂಚೆ

ಚಾಟ್‌ನಲ್ಲಿ ಬರುವುದು ಹೆಚ್ಚಾಗಿ ಅರ್ಧ ನಿಮಿಷದ ತುಣುಕು. ಅದರಲ್ಲಿ ಪಲ್ಲವಿ ಇರುತ್ತದೆ, ಹೆಚ್ಚೆಂದರೆ ಒಂದು ನುಡಿ. ಮೇಲೆ ನೋಡಿದಂತೆ ತತ್ವಪದದ ಕೀಲಿ ಕೊನೆಯ ನುಡಿಯಲ್ಲಿರಬಹುದು, ಕವಿಯ ಅಂಕಿತವೂ ಅಲ್ಲೇ ಬರುತ್ತದೆ. ಆದ್ದರಿಂದ ಮೊದಲು ಪೂರ್ತಿ ಹಾಡು ಕೇಳಿ. ಸಿಕ್ಕರೆ ಅಚ್ಚಾದ ಪಠ್ಯವನ್ನೂ ಓದಿ. ಶರೀಫರ ಹಾಡುಗಳು ಬಹುಕಾಲ ಬಾಯಿಂದ ಬಾಯಿಗೆ ಬಂದವು. ಭಜನಾ ಮೇಳದವರು ಹಾಡುವುದಕ್ಕೂ, ಸಿ. ಅಶ್ವತ್ಥ್ ಅವರ ದನಿಯಲ್ಲಿ ಮನೆಮಾತಾದದ್ದಕ್ಕೂ, ಟಿ.ಎಸ್. ನಾಗಾಭರಣರ 1990ರ 'ಸಂತ ಶಿಶುನಾಳ ಶರೀಫ' ಚಿತ್ರದಲ್ಲಿ ಕೇಳುವುದಕ್ಕೂ ಅಲ್ಲಲ್ಲಿ ವ್ಯತ್ಯಾಸ ಸಿಕ್ಕರೆ ಗಾಬರಿಯಾಗಬೇಕಿಲ್ಲ. ಕಳಿಸಿದ ತುಣುಕಿನಲ್ಲಿ ಯಾವ ಮಾತು ಕೇಳಿಸುತ್ತದೋ ಅದನ್ನೇ ಅನುವಾದಿಸಿ. ಓದುವವರು ಹಾಡು ಕೇಳುತ್ತಲೇ ನಿಮ್ಮ ಸಾಲು ಓದುತ್ತಾರೆ, ಎರಡೂ ತಾಳೆಯಾಗಬೇಕು.

ಎರಡನೆಯದಾಗಿ, ಕೇಳಿದವರಿಗೆ ಬೇಕಾದದ್ದು ಏನೆಂದು ತಿಳಿದುಕೊಳ್ಳಿ. "ಅರ್ಥ ಏನ್ರಿ?" ಎಂಬ ಒಂದೇ ಪ್ರಶ್ನೆಯಲ್ಲಿ ಮೂರು ಬಯಕೆ ಅಡಗಿರಬಹುದು. ಮನೆಯವರೆಲ್ಲ ಯಾಕೆ ನಗುತ್ತಿದ್ದಾರೆಂದು ತಿಳಿಯುವ ಕುತೂಹಲವಿದ್ದರೆ ಸರಳ ಗದ್ಯದ ನಾಲ್ಕು ಸಾಲು ಸಾಕು. ಕನ್ನಡ ಕಲಿಯುತ್ತಿರುವ ಮೊಮ್ಮಗ ಕೇಳಿದ್ದರೆ ಸಾಲಿಗೆ ಸಾಲು ಎದುರಾಗುವಂಥ, ಪದಕ್ಕೆ ಹತ್ತಿರವಾದ ಅನುವಾದ ಬೇಕು. ಆ ಹಾಡನ್ನು ತನ್ನ ಭಾಷೆಯಲ್ಲಿ ಗುನುಗಬೇಕೆಂದೋ, ಗೆಳತಿಗೆ ಕಳಿಸಬೇಕೆಂದೋ ಕೇಳಿದ್ದರೆ ಮಾತ್ರ ಲಯ, ಪ್ರಾಸದ ಕೆಲಸಕ್ಕೆ ಇಳಿಯಿರಿ. ಒಬ್ಬರಿಗೆ ಸಲ್ಲುವುದು ಇನ್ನೊಬ್ಬರಿಗೆ ಸಲ್ಲುವುದಿಲ್ಲ. ಅನುಮಾನವಿದ್ದರೆ "ಮಾತಿನಾಗ ಹೇಳಲೇನು, ಹಾಡಿನಾಗ ಹೇಳಲೇನು?" ಎಂದು ಕೇಳಿಬಿಡಿ.

ಹಾಡಿನ ತೂಕ ಎಲ್ಲಿದೆ?

ಅರ್ಥ ಮತ್ತು ಭಾವ ಎರಡನ್ನೂ ಪೂರ್ತಿ ಉಳಿಸಲಾಗದ ಜಾಗ ಬಂದೇ ಬರುತ್ತದೆ. ಅಲ್ಲಿ ಯಾವುದನ್ನು ಬಿಡಬೇಕೆಂದು ತಿಳಿಯಲು ಒಂದು ಪರೀಕ್ಷೆ ಇದೆ. ಹಾಡನ್ನು ಕನ್ನಡದಲ್ಲೇ, ಬರಿ ಮಾತಿನಲ್ಲಿ ಹೇಳಿ ನೋಡಿ. ರಾಗ ಬೇಡ, ಪ್ರಾಸ ಬೇಡ, ಪಕ್ಕದ ಮನೆಯವರಿಗೆ ಸುದ್ದಿ ಹೇಳಿದ ಹಾಗೆ ಹೇಳಿ. ಹಾಗೆ ಹೇಳಿದಾಗಲೂ ಅದು ಕೇಳುವವರ ಮನಸ್ಸಿಗೆ ತಾಗಿದರೆ ಹಾಡಿನ ತೂಕ ಅದರ ಚಿತ್ರದಲ್ಲಿ, ಸಂಗತಿಯಲ್ಲಿ ಇದೆ. ಅಂಥದ್ದನ್ನು ಅರ್ಥಕ್ಕೆ ನಿಷ್ಠವಾಗಿ, ಪ್ರಾಸದ ಗೊಡವೆಯಿಲ್ಲದೆ ಅನುವಾದಿಸಬಹುದು. ಹಾಗೆ ಹೇಳಿದಾಗ ಸಪ್ಪಗಾದರೆ ಅದರ ತೂಕ ನಾದದಲ್ಲಿದೆ. ಅಲ್ಲಿ ಪದ ಬದಲಾದರೂ ಚಿಂತೆಯಿಲ್ಲ, ಲಯ ಉಳಿಯಬೇಕು. ಹಿರೇಕೆರೂರ ಸೀಮೆಯ ಸರ್ವಜ್ಞನ ತ್ರಿಪದಿ ಹೆಚ್ಚಾಗಿ ಎರಡರ ನಡುವೆ ನಿಲ್ಲುತ್ತದೆ. ಹೇಳುವ ಮಾತು ಚುರುಕಾಗಿರುತ್ತದೆ, ಆದರೆ ಆ ಚುರುಕು ಬರುವುದು ಮೂರೇ ಸಾಲಿನ ಬಿಗಿಯಿಂದ. ಅದನ್ನು ಅನುವಾದಿಸುವಾಗ ಪ್ರಾಸ ಹೋದರೂ ಹೋಗಲಿ, ಮೂರು ಸಾಲು ಆರಾಗಬಾರದು.

ನಮ್ಮ ಹಿರಿಯರಲ್ಲಿ ಎರಡೂ ದಾರಿ ಹಿಡಿದವರಿದ್ದಾರೆ. ಬಿ.ಎಂ. ಶ್ರೀಕಂಠಯ್ಯನವರು 'ಇಂಗ್ಲಿಷ್ ಗೀತಗಳು' ಮಾಡುವಾಗ ಸ್ಕಾಟ್ಲೆಂಡಿನ ಹಿನ್ನೆಲೆಯಲ್ಲಿ ಥಾಮಸ್ ಕ್ಯಾಂಪ್‌ಬೆಲ್ ಬರೆದ ಕಥನಗೀತವನ್ನು 'ಕಾರಿಹೆಗ್ಗಡೆಯ ಮಗಳು' ಆಗಿಸಿದರು. ಅಲ್ಲಿಯ ಪ್ರಭು ಇಲ್ಲಿ ಹೆಗ್ಗಡೆಯಾದ. ಹೆಸರು, ನೆಲ ಬದಲಾದರೂ ಓಡಿಹೋಗುವ ಜೋಡಿಯ ಆತಂಕ, ಬೆನ್ನಟ್ಟಿ ಬರುವ ತಂದೆಯ ಸಿಟ್ಟು, ಕೊನೆಗೆ ಅವನ ಗೋಳು ಕನ್ನಡ ಮಕ್ಕಳಿಗೆ ನೇರವಾಗಿ ತಲುಪಿದವು. ಎ.ಕೆ. ರಾಮಾನುಜನ್ 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ಕೊಂಡೊಯ್ದಾಗ ಬೇರೆ ದಾರಿ ಹಿಡಿದರು. ಪ್ರಾಸ ಕಟ್ಟಲು ಹೋಗದೆ ಸಾಲುಗಳನ್ನು ಚಿಕ್ಕದಾಗಿ ಒಡೆದು, ಚಿತ್ರಗಳನ್ನು ಇದ್ದಂತೆಯೇ ಇಟ್ಟರು. ಒಬ್ಬರ ಮುಂದಿದ್ದದ್ದು ಓಡುವ ಲಯದ ಕಥನಗೀತ, ಇನ್ನೊಬ್ಬರ ಮುಂದಿದ್ದದ್ದು ವಚನ. ದಾರಿ ಬೇರೆಯಾದದ್ದು ಕೈಯಲ್ಲಿದ್ದ ಕವಿತೆಯ ಗುಣದಿಂದ. ಅನುವಾದಿಸುವವರ ರುಚಿಯೊಂದೇ ಅದನ್ನು ತೀರ್ಮಾನಿಸುವುದಿಲ್ಲ.

ನಾಲ್ಕು ಸಾಲು ಮಾಡಿ ನೋಡೋಣ

ಈ ಲೇಖನಕ್ಕೆಂದೇ ಕಟ್ಟಿದ ನಾಲ್ಕು ಸಾಲು ಇಲ್ಲಿವೆ. ಇವನ್ನು ಹಿಂದಿ ಬಲ್ಲ ಒಬ್ಬರಿಗೆ ಕಳಿಸಬೇಕಿದೆ ಅಂದುಕೊಳ್ಳಿ.

ಕೂರಿಗಿ ಹೂಡ್ಯಾನ ನಮ್ಮಣ್ಣ
ಮೋಡಕ್ಕ ಕೇಳ್ಯಾನ ಸಾಲಾನ
ಮುಂಗಾರಿ ಕೊಟ್ಟೈತಿ ಹನಿ ಎಣಿಸಿ
ಹಿಂಗಾರಿ ನಿಂತೈತಿ ಬಡ್ಡಿ ಎಣಿಸಿ

ಮೊದಲ ಹೆಜ್ಜೆ ಗದ್ಯ. ಪ್ರತಿ ಸಾಲಿಗೆ ಒಂದು ವಾಕ್ಯ, ಯಾವ ಅಲಂಕಾರವೂ ಇಲ್ಲದೆ: "ಭಾಈ ನೇ ಬೈಲ್ ಜೋತ್‌ಕರ್ ಬುವಾಈ ಶುರೂ ಕೀ. ಬಾದಲ್ ಸೇ ಕರ್ಜ್ ಮಾಂಗಾ. ಪಹಲೀ ಬಾರಿಶ್ ನೇ ಬೂಂದ್ ಬೂಂದ್ ಗಿನ್‌ಕರ್ ದಿಯಾ. ಬಾದ್ ಕೀ ಬಾರಿಶ್ ಸೂದ್ ಗಿನ್ತೀ ಖಡೀ ಹೈ."

ಇದರಲ್ಲಿ ಏನು ಉಳಿಯಿತು, ಏನು ಹೋಯಿತು? ಮೋಡದಿಂದ ಸಾಲ ಕೇಳುವುದು, ಹನಿ ಎಣಿಸಿ ಕೊಡುವ ಜಿಪುಣತನ, ಬಡ್ಡಿಗೆ ನಿಂತ ಹಿಂಗಾರಿ, ಈ ಮೂರೂ ಉಳಿದವು. ತೂಕ ಚಿತ್ರದಲ್ಲಿದೆ ಎಂದಾಯಿತು. ಹೋದದ್ದು ಎರಡು. ಒಂದು, ಮುಂಗಾರಿ–ಹಿಂಗಾರಿ ಎಂಬ ಜೋಡಿ ನಾದ. ಇನ್ನೊಂದು, ಎರಡೂ ಸಾಲು "ಎಣಿಸಿ" ಎಂದೇ ಮುಗಿಯುವುದರಲ್ಲಿರುವ ಕುಟುಕು. ಕೊಡುವಾಗಲೂ ಲೆಕ್ಕ, ವಸೂಲಿಗೂ ಲೆಕ್ಕ.

ಎರಡನೆಯ ಹೆಜ್ಜೆಯಲ್ಲಿ, ಹೋದ ಎರಡರಲ್ಲಿ ಯಾವುದನ್ನು ಮರಳಿ ತರಲು ಸಾಧ್ಯ ಎಂದು ನೋಡಬೇಕು. ಮುಂಗಾರಿ–ಹಿಂಗಾರಿಯ ಜೋಡಿ ಹಿಂದಿಯಲ್ಲಿ ಸಿಗುವುದಿಲ್ಲ. 'ಖರೀಫ್', 'ರಬೀ' ಇವೆಯಲ್ಲ ಎನ್ನಬಹುದು. ಅವು ಬೆಳೆಯ ಹಂಗಾಮಿನ ಹೆಸರು, ಈ ಹಾಡಿನಲ್ಲಿ ಸಾಲ ಕೊಟ್ಟದ್ದು ಮಳೆ. ಹಾಡಿಗೆ ಒಪ್ಪುತ್ತದೆಂದು 'ಸಾವನ್' ಎಂಬ ಪದಕ್ಕೆ ಕೈ ಚಾಚುವವರೇ ಹೆಚ್ಚು. ಅದು ಎಷ್ಟೇ ಇಂಪಾದ ಪದವಾದರೂ ಹಿಂದಿ ಹಾಡು ಕೇಳಿ ಬೆಳೆದವರಿಗೆ ಅದರ ಜೊತೆ ಉಯ್ಯಾಲೆ, ವಿರಹ, ನಲ್ಲನ ನೆನಪು ಬರುತ್ತದೆ. ನಮ್ಮ ಸಾಲಿನಲ್ಲಿರುವುದು ಸಾಲಗಾರ ರೈತ. ಭಾವ ಉಳಿಸುತ್ತೇನೆಂದು ಹೋಗಿ ಬೇರೆಯದೇ ಭಾವ ತಂದಂತಾಗುತ್ತದೆ. ಭಾವಾನುವಾದ ದಾರಿ ತಪ್ಪುವುದು ಹೆಚ್ಚಾಗಿ ಹೀಗೆ. ಮೂಲದ ಭಾವ ಯಾವುದೆಂದು ಹೆಸರಿಟ್ಟುಕೊಳ್ಳದೆ, ಆ ಭಾಷೆಯಲ್ಲಿ ಸುಲಭಕ್ಕೆ ಸಿಗುವ ಸುಂದರ ಪದ ಹಾಕಿಬಿಡುತ್ತೇವೆ. ಇಲ್ಲಿಯ ಭಾವಕ್ಕೆ ಹೆಸರಿಡುವುದಾದರೆ ಅದು ಕಹಿ ಬೆರೆತ ತಮಾಷೆ. ಪ್ರತಿ ಪದವನ್ನೂ ಆ ಅಳತೆಗೆ ಹಿಡಿದು ನೋಡಬೇಕು.

"ಎಣಿಸಿ"ಯ ಪುನರುಕ್ತಿಯನ್ನು ಮಾತ್ರ ತರಬಹುದು, ಹಿಂದಿಯ 'ಗಿನ್‌ನಾ' ಎರಡೂ ಕಡೆ ಕೂರುತ್ತದೆ. ಹೀಗೆ ಹಾಡಿಗೆ ಹತ್ತಿರವಾದ ರೂಪ ಇದು:

ಬೈಲೋಂ ಕೋ ಜೋತ್, ಬೀಜ್ ಲೇ, ಭೈಯಾ ತೈಯಾರ್
ಬಾದಲ್ ಸೇ ಉಸ್‌ನೇ ಮಾಂಗಾ ಉಧಾರ್
ಪಹಲೀ ಬಾರಿಶ್ ನೇ ಗಿನ್ ಕೇ ದೀಂ ಬೂಂದೇಂ ಚಾರ್
ಲೌಟತೀ ಬಾರಿಶ್ ಸೂದ್ ಗಿನೇ, ಖಡೀ ಹೈ ದ್ವಾರ್

ಈಗ ಪ್ರಾಮಾಣಿಕವಾಗಿ ಲೆಕ್ಕ ಹಾಕೋಣ. ಮೂಲದಲ್ಲಿಲ್ಲದ ಎರಡು ಸಂಗತಿ ಒಳಬಂದಿವೆ: ನಾಲ್ಕು ಹನಿ, ಮತ್ತು ಬಾಗಿಲು. "ಬೂಂದೇಂ ಚಾರ್" ಎನ್ನುವುದು ಹಿಂದಿಯಲ್ಲಿ ಅತಿ ಕಡಿಮೆ ಎಂಬುದಕ್ಕೆ ಬಳಕೆಯ ಮಾತು, ಹನಿ ಎಣಿಸುವ ಜಿಪುಣತನಕ್ಕೆ ಒಗ್ಗುತ್ತದೆ. ಬಡ್ಡಿಗೆ ಬಂದವರು ಬಾಗಿಲಲ್ಲಿ ನಿಲ್ಲುವುದು ಎಲ್ಲ ಊರಲ್ಲೂ ಇದ್ದದ್ದೇ. ಹಾಗಾಗಿ ಎರಡೂ ಸೇರ್ಪಡೆಗಳು ಮೂಲದ ಭಾವದ ಕಡೆಗೇ ತಳ್ಳುತ್ತವೆ, ಇರಲಿ ಬಿಡಿ. ಕಳೆದುಕೊಂಡದ್ದು ಕೂರಿಗೆ. ನಗರದ ಹಿಂದಿ ಓದುಗರಿಗೆ ಅದಕ್ಕೆ ಸಮನಾದ ಬಳಕೆಯ ಪದವಿಲ್ಲ, 'ಹಲ್' ಎಂದರೆ ನೇಗಿಲು. ಕೂರಿಗೆ ಬಿತ್ತುವುದಕ್ಕೆ, ನೇಗಿಲು ಉಳುವುದಕ್ಕೆ. ತಪ್ಪು ಉಪಕರಣ ಹಾಕುವುದಕ್ಕಿಂತ "ಬೀಜ್ ಲೇ" ಎಂದು ಕೆಲಸವನ್ನೇ ಹೇಳುವುದು ವಾಸಿ.

ಓದುವವರು ಮರಾಠಿಯವರಾಗಿದ್ದರೆ ತೀರ್ಮಾನವೇ ಬೇರೆಯಾಗುತ್ತಿತ್ತು. ಮರಾಠಿಯಲ್ಲಿ ಕೂರಿಗೆಗೆ 'ತಿಫಣ' ಎಂಬ ಹೆಸರು ಸಿದ್ಧವಾಗಿದೆ, ಹಿಂದಿರುಗುವ ಮಳೆಗೆ 'ಪರತೀಚಾ ಪಾಊಸ್' ಎನ್ನುತ್ತಾರೆ. ಅಲ್ಲಿ ಕೂರಿಗೆಯನ್ನು ಬಿಟ್ಟುಕೊಡುವ ಅಗತ್ಯವೇ ಇಲ್ಲ. ನೆಲ, ಬೆಳೆ ಒಂದೇ ಬಗೆಯಾದಲ್ಲಿ ಅರ್ಥನಿಷ್ಠ ಅನುವಾದದಲ್ಲೇ ಭಾವವೂ ತಾನಾಗಿ ಬರುತ್ತದೆ. ನೆಲ ದೂರವಾದಷ್ಟೂ ಎರಡರ ನಡುವೆ ಬಿರುಕು ಹೆಚ್ಚು. ಆದ್ದರಿಂದ ಯಾರಿಗೆ ಕಳಿಸುತ್ತಿದ್ದೀರೆಂದು ತಿಳಿಯದೆ ಅರ್ಥವೋ ಭಾವವೋ ಎಂದು ತೀರ್ಮಾನಿಸಲು ಆಗುವುದಿಲ್ಲ.

ಕೊನೆಗೊಂದು ಟಿಪ್ಪಣಿ ಬೇಕೇ ಬೇಕು. ಹಿಂಗಾರಿ ಬಡ್ಡಿ ಕೇಳುವುದೆಂದರೇನು? ಕೊಯ್ಲಿಗೆ ಬಂದ ಗೋವಿನಜೋಳ, ಶೇಂಗಾ ಹೊಲದಲ್ಲಿದ್ದಾಗ ಮಳೆ ಜಡಿದರೆ ಕೈಗೆ ಬಂದದ್ದು ಕೊಳೆತು ಹೋಗುತ್ತದೆ. ಮುಂಗಾರಿ ಕೊಟ್ಟ ಹನಿಗಳ ಬಡ್ಡಿ ಅದು. ಹೊಲ ನೋಡದವರಿಗೆ ಇದು ಹೊಳೆಯುವುದಿಲ್ಲ. ಇದನ್ನು ಹಾಡಿನೊಳಗೆ ಸೇರಿಸಿದರೆ ಸಾಲು ಹಿಗ್ಗಿ ಹಾಳಾಗುತ್ತದೆ. "ಕೊಯ್ಲಿನ ಹೊತ್ತಿಗೆ ಸುರಿದು ಬೆಳೆ ಕೆಡಿಸುವ ಮಳೆ" ಎಂದು ಕೆಳಗೊಂದು ಸಾಲು ಬರೆದರೆ ಮುಗಿಯಿತು.

ಹಾಡಲು ಬೇಕೆಂದರೆ

ಅದೇ ಮಟ್ಟಿನಲ್ಲಿ ಹಾಡುವಂತಿರಬೇಕು ಎಂದರೆ ಇನ್ನೊಂದು ತೊಡಕಿದೆ. ಕನ್ನಡದ ಮಾತು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತದೆ. ಹಾಡುವವರು ಸಾಲಿನ ಕೊನೆಯ ಅಕ್ಷರವನ್ನು ಎಷ್ಟು ಬೇಕೋ ಅಷ್ಟು ಎಳೆಯುತ್ತಾರೆ, "ನಮ್ಮಣ್ಣಾ…" ಎಂದು. ಹಿಂದಿಯಲ್ಲಿ ಅನೇಕ ಪದ ವ್ಯಂಜನದಲ್ಲಿ ನಿಲ್ಲುತ್ತದೆ, ಇಂಗ್ಲಿಷಿನಲ್ಲೂ ಹಾಗೆಯೇ. ವ್ಯಂಜನವನ್ನು ಎಳೆಯಲು ಬರುವುದಿಲ್ಲ. ಅದಕ್ಕೆಂದೇ ಮೇಲಿನ ಹಿಂದಿ ಸಾಲುಗಳ ಕೊನೆಗೆ ತೈಯಾರ್, ಉಧಾರ್, ಚಾರ್, ದ್ವಾರ್ ಎಂದು ದೀರ್ಘ 'ಆ' ಇರುವ ಪದಗಳನ್ನು ಇಟ್ಟದ್ದು. ಎಳೆತವೆಲ್ಲ ಆ ದೀರ್ಘದ ಮೇಲೆ ಬಿದ್ದು, ಕೊನೆಯ ವ್ಯಂಜನ ಸುಮ್ಮನೆ ಬಾಯಿ ಮುಚ್ಚಿಸುತ್ತದೆ. 'ಕರ್ಜ್' ಎಂದು ಸಾಲು ಮುಗಿಸಿದ್ದರೆ ಅರ್ಥ ಸರಿಯಿದ್ದರೂ ರಾಗ ಅಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಬರೆದ ಮೇಲೆ ಮೂಲದ ಧ್ವನಿಮುದ್ರಣ ಹಚ್ಚಿ, ಅದರ ಮೇಲೆ ನಿಮ್ಮ ಸಾಲು ಹಾಡಿ ನೋಡಿ. ಎಲ್ಲಿ ಮಾತು ನುಂಗಬೇಕಾಗುತ್ತದೋ ಅಲ್ಲಿ ಮಾತ್ರೆ ಹೆಚ್ಚಾಗಿದೆ, ಎಲ್ಲಿ 'ರೇ', 'ಹೋ' ಸೇರಿಸಿ ತುಂಬಬೇಕಾಗುತ್ತದೋ ಅಲ್ಲಿ ಕಡಿಮೆಯಾಗಿದೆ. ಎರಡು ಮೂರು ಸಲ ತಿದ್ದಿದರೂ ಕೂರದ ಸಾಲನ್ನು ಬಲವಂತವಾಗಿ ಕೂರಿಸಬೇಡಿ. ಆ ಹಾಡನ್ನು ಗದ್ಯದಲ್ಲೇ ಕಳಿಸಿ.

ಅಂಕಿತ, ಸಂಬೋಧನೆ

ಈ ಸೀಮೆಯ ಹಾಡುಗಳಲ್ಲಿ ಎರಡು ಮಾತು ಪದೇಪದೇ ತೊಡಕು ಕೊಡುತ್ತವೆ. ಮೊದಲನೆಯದು ಅಂಕಿತ. ಶರೀಫರಲ್ಲಿ 'ಶಿಶುನಾಳಧೀಶ' ಬರುತ್ತದೆ, ಕನಕದಾಸರಲ್ಲಿ ಕಾಗಿನೆಲೆಯ ಆದಿಕೇಶವ. ಅದನ್ನು ಹಾಗೇ ಬಿಡಬೇಕೋ, ಬಿಡಿಸಿ ಹೇಳಬೇಕೋ? ರಾಮಾನುಜನ್ ಬಸವಣ್ಣನವರ ಅಂಕಿತವನ್ನು ಬಿಡಿಸಿ, ನದಿಗಳು ಕೂಡುವಲ್ಲಿಯ ಒಡೆಯ ಎಂಬ ಅರ್ಥ ಬರುವಂತೆ ಇಂಗ್ಲಿಷಿಗೆ ತಂದರು. ಕೂಡಲಸಂಗಮವೆಂಬ ಊರಿನ ಹೆಸರಿನಲ್ಲೇ ಆ ಚಿತ್ರವಿದೆ, ಹಾಗಾಗಿ ಬಿಡಿಸಿದ್ದು ಫಲಿಸಿತು. ಶಿಶುನಾಳ, ಕಾಗಿನೆಲೆ ಎಂಬ ಹೆಸರನ್ನು ಹಾಗೆ ಬಿಡಿಸಲು ಹೋದರೆ ಏನೂ ಸಿಗುವುದಿಲ್ಲ. ಅಲ್ಲಿ ಊರ ಹೆಸರು ಇಟ್ಟುಕೊಂಡು "ಶಿಶುನಾಳದ ಒಡೆಯ" ಎಂಬಂತೆ ಅರ್ಧ ಮಾತ್ರ ಅನುವಾದಿಸಿ. ಅಂಕಿತವನ್ನು ತೆಗೆದೇ ಬಿಡುವುದು ಬೇಡ. ಅದು ಕವಿಯ ರುಜು, ತೆಗೆದರೆ ಹಾಡು ಯಾರದೆಂಬುದೇ ಅಳಿಸಿಹೋಗುತ್ತದೆ.

ಎರಡನೆಯದು ಸಂಬೋಧನೆ. ತತ್ವಪದಗಳಲ್ಲಿ ತಂಗಿ, ಅಣ್ಣ, ತಮ್ಮ ಎಂದು ಕರೆದು ಹೇಳುವುದು ರೂಢಿ. ಇಂಗ್ಲಿಷಿನ ಸಿಸ್ಟರ್ ಹಾಕಿದರೆ ನರ್ಸಮ್ಮನೋ ಕ್ರೈಸ್ತ ಸನ್ಯಾಸಿನಿಯೋ ನೆನಪಾಗುತ್ತಾರೆ. ಹಿಂದಿಗಾದರೆ 'ಬಹನಾ', ಮರಾಠಿಗಾದರೆ 'ಬಾಈ' ಸಹಜವಾಗಿ ಒಪ್ಪುತ್ತವೆ. ಇಂಗ್ಲಿಷಿಗೆ ಹೋಗುವಾಗ 'ತಂಗಿ'ಯನ್ನೇ ಉಳಿಸಿ, ಟಿಪ್ಪಣಿಯಲ್ಲಿ ಹೇಳಿ. ನಾಲ್ಕು ಸಾಲಿನ ಅನುವಾದದಲ್ಲಿ ಇಂಥ ಒಂದೆರಡು ಮೂಲಪದ ಉಳಿದರೆ ಓದುವವರಿಗೆ ಭಾರವಾಗುವುದಿಲ್ಲ, ಅದಕ್ಕಿಂತ ಹೆಚ್ಚಾದರೆ ಓದನ್ನು ಬಿಡುತ್ತಾರೆ.

ಕಳಿಸುವ ಕ್ರಮ

ಪುಸ್ತಕದಲ್ಲಿ ಅನುವಾದಕರು ಒಂದೇ ರೂಪ ಅಚ್ಚು ಮಾಡಬೇಕು. ಚಾಟ್‌ನಲ್ಲಿ ಆ ಕಟ್ಟುಪಾಡಿಲ್ಲ, ಅದರ ಲಾಭ ಪಡೆಯಿರಿ. ಮೂರು ಬೇರೆ ಬೇರೆ ಸಂದೇಶಗಳಾಗಿ ಕಳಿಸುವುದು ಅನುಕೂಲ. ಮೊದಲನೆಯದು ಮೂಲದ ಸಾಲುಗಳು, ಓದುವವರ ಲಿಪಿಯಲ್ಲಿ, ಕೇಳುತ್ತ ಹಿಂಬಾಲಿಸಲು. ಎರಡನೆಯದು ಸರಳ ಗದ್ಯ ಮತ್ತು ಒಂದು ಸಾಲಿನ ಟಿಪ್ಪಣಿ. ಮೂರನೆಯದು, ಮಾಡಿದ್ದರೆ, ಹಾಡಿನ ರೂಪ. ಕೊನೆಯದರ ತಲೆಯ ಮೇಲೆ "ಇದು ಹಾಡಲಿಕ್ಕೆ, ಪದಕ್ಕೆ ಪದ ಅಲ್ಲ" ಎಂದು ಬರೆಯುವುದನ್ನು ಮರೆಯಬೇಡಿ. ಅದು ಬೇರೆ ಗುಂಪಿಗೆ ಫಾರ್ವರ್ಡ್ ಆದಾಗ ನೀವು ಸೇರಿಸಿದ ನಾಲ್ಕು ಹನಿ, ಬಾಗಿಲು ಕವಿಯವೇ ಆಗಿಬಿಡುತ್ತವೆ. ಮೂರು ಸಂದೇಶ ಕಳಿಸುವ ಪುರಸೊತ್ತು ಇಲ್ಲದಿದ್ದರೆ ಎರಡನೆಯದೊಂದನ್ನೇ ಕಳಿಸಿ. ಗದ್ಯ ಸರಿಯಿದ್ದರೆ ಭಾವವನ್ನು ರಾಗ ತುಂಬಿಕೊಡುತ್ತದೆ, ಹಾಡು ಹೇಗೂ ಪಕ್ಕದಲ್ಲೇ ಇದೆ.

ಇನ್ನೊಂದು ಎಚ್ಚರ. ಶರೀಫರ, ಕನಕರ, ಸರ್ವಜ್ಞನ ಪದಗಳನ್ನು ಯಾರು ಬೇಕಾದರೂ ಅನುವಾದಿಸಿ ಎಲ್ಲಿ ಬೇಕಾದರೂ ಹಾಕಬಹುದು. ಇತ್ತೀಚಿನ ಕವಿಗಳ, ಸಿನಿಮಾ ಗೀತೆಕಾರರ ಸಾಲು ಹಾಗಲ್ಲ. ನಮ್ಮ ಕಾನೂನಿನಂತೆ ಸಾಹಿತ್ಯಕೃತಿಯ ಹಕ್ಕು ಲೇಖಕರ ಜೀವಿತಾವಧಿ ಮತ್ತು ನಂತರ 60 ವರ್ಷ ಇರುತ್ತದೆ, ಅನುವಾದದ ಹಕ್ಕೂ ಅದರೊಳಗೇ ಸೇರಿದೆ. ಮನೆಯವರಿಗೆ ಅರ್ಥ ಹೇಳಿದ್ದಕ್ಕೆ ಯಾರೂ ಕೇಳುವುದಿಲ್ಲ. ಅದನ್ನೇ ಹಾಡಿಸಿ ಯೂಟ್ಯೂಬಿಗೆ ಏರಿಸಬೇಕೆಂದರೆ ಅನುಮತಿ ಬೇಕು.

ಅನುವಾದ ತಲುಪಿತೋ ಇಲ್ಲವೋ ಎಂದು ತಿಳಿಯುವುದು ಉತ್ತರದಿಂದ. ಕೈಮುಗಿಯುವ ಚಿಹ್ನೆಯೊಂದೇ ಬಂದರೆ ಓದಿದ್ದಾರೆ ಎಂದಷ್ಟೇ ಅರ್ಥ. "ಆಮೇಲೆ ಅಣ್ಣ ಬಡ್ಡಿ ಹೆಂಗ ಕಟ್ಟಿದ?" ಎಂದು ಮರುಪ್ರಶ್ನೆ ಬಂದರೆ ಕೆಲಸ ಆಯಿತು ಎನ್ನಿ. "ಮಳೆ ಚಂದ ವರ್ಣಿಸ್ಯಾರ" ಎಂದು ಬಂದರೆ ನಿಮ್ಮ ಸಾಲಿನಲ್ಲಿ ಎಲ್ಲೋ ಒಂದು 'ಸಾವನ್' ನುಸುಳಿದೆ. ಅದನ್ನು ಹುಡುಕಿ ತೆಗೆದು ಮತ್ತೆ ಕಳಿಸಿ.